ಉದ್ದದ ವಿಡಿಯೊ ತುಂಡಾಗುವ ಮುನ್ನ

ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವ ಬಗ್ಗೆ 34 ನಿಮಿಷದ ಯೂಟ್ಯೂಬ್ ವಿಡಿಯೊ ಮಾಡಿದ್ದಾರೆ ಎಂದು ಇಟ್ಟುಕೊಳ್ಳೋಣ. ಕೊಳೆರೋಗ ಹೇಗೆ ಹರಡುತ್ತದೆ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಯಾವುದನ್ನು ಯಾವುದಕ್ಕೆ ಸುರಿಯಬೇಕು, ದ್ರಾವಣ ಸರಿಯಾಗಿದೆಯೇ ಎಂದು ಕತ್ತಿ ಅದ್ದಿ ನೋಡುವುದು ಹೇಗೆ, ಮೊದಲ ಸಿಂಪಡಣೆ ಯಾವಾಗ, ಎರಡನೆಯದು ಯಾವಾಗ ಎಂಬುದೆಲ್ಲ ಅದರಲ್ಲಿದೆ. ಈ ದ್ರಾವಣ ನಮ್ಮ ತೋಟಗಳಿಗೆ ಬಂದ ಕಥೆಯೂ ನಡುವೆ ಬರುತ್ತದೆ. ಔಷಧಿ ಹೊಡೆಯಲು ಅಣಿಯಾಗುತ್ತಿರುವವರು ಅಷ್ಟನ್ನೂ ಕೂತು ನೋಡುತ್ತಾರೆ. ಆದರೆ ಅದೇ ಊರಿನ ಇನ್ನೆಷ್ಟೋ ಜನ ಇನ್‌ಸ್ಟಾಗ್ರಾಂ ತಿರುವುತ್ತಿರುತ್ತಾರೆ, ಫೇಸ್‌ಬುಕ್ ಓದುತ್ತಿರುತ್ತಾರೆ, ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುತ್ತಾರೆ. ಅವರಿಗೂ ಈ ವಿಷಯ ತಲುಪಬೇಕಾದರೆ ಹೊಸದಾಗಿ ಚಿತ್ರೀಕರಣ ಮಾಡಬೇಕಿಲ್ಲ. ಬೇಕಾದದ್ದೆಲ್ಲ ಆ 34 ನಿಮಿಷದಲ್ಲೇ ಇದೆ.

ಇಲ್ಲಿ ಬಹಳಷ್ಟು ಜನ ಹಿಡಿಯುವ ದಾರಿ ಒಂದೇ. ವಿಡಿಯೊವನ್ನು ನಿಮಿಷ ನಿಮಿಷಕ್ಕೆ ಕತ್ತರಿಸಿ, ಭಾಗ ಒಂದು, ಭಾಗ ಎರಡು ಎಂದು ಬರೆದು, ದಿನಕ್ಕೊಂದರಂತೆ ರೀಲ್ ಹಾಕುತ್ತಾರೆ. ಭಾಗ ಏಳು ಎದುರಾದವನು ಭಾಗ ಆರನ್ನು ನೋಡಿರುವುದಿಲ್ಲ. ಅದನ್ನು ಹುಡುಕಿಕೊಂಡು ಹೋಗುವ ತಾಳ್ಮೆಯೂ ಆ ಹೊತ್ತಿನಲ್ಲಿ ಅವನಿಗೆ ಇರುವುದಿಲ್ಲ. ಇನ್ನೂ ದೊಡ್ಡ ತೊಂದರೆ ಎಂದರೆ, ತುಂಡಾದ ಮಾಹಿತಿ ಕೆಲವೊಮ್ಮೆ ತಪ್ಪು ಮಾಹಿತಿಯಾಗುತ್ತದೆ. ‘ಒಂದು ಕಿಲೋ ಮೈಲುತುತ್ತು ಹಾಕಿ’ ಎಂಬ ಮಾತು ಒಂದು ತುಂಡಿನಲ್ಲಿ, ‘ಇದು ನೂರು ಲೀಟರ್ ನೀರಿಗೆ’ ಎಂಬ ಮಾತು ಮುಂದಿನ ತುಂಡಿನಲ್ಲಿ ಸೇರಿಕೊಂಡರೆ, ಮೊದಲನೆಯದನ್ನಷ್ಟೇ ನೋಡಿ ಹೊಡೆದವನ ಗೊನೆಯೇ ಸುಟ್ಟುಹೋದೀತು. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎಷ್ಟು ತುಂಡು ಮಾಡಬಹುದು ಎಂಬುದಲ್ಲ. ಇದರಲ್ಲಿ ಯಾವ ಮಾತು ಉಳಿದದ್ದರ ಹಂಗಿಲ್ಲದೆ ನಿಲ್ಲುತ್ತದೆ, ನಿಲ್ಲುವ ಮಾತಿಗೆ ಯಾವ ರೂಪ ಒಪ್ಪುತ್ತದೆ ಎಂಬುದು.

ಅದಕ್ಕೆ ಮೊದಲ ಕೆಲಸ ಕಂಪ್ಯೂಟರಿನದಲ್ಲ, ಕಾಗದದ್ದು. ವಿಡಿಯೊ ಪೂರ್ತಿ ನೋಡುತ್ತಾ ಎಷ್ಟನೇ ನಿಮಿಷದಲ್ಲಿ ಏನಿದೆ ಎಂದು ಸಾಲಾಗಿ ಬರೆದುಕೊಳ್ಳಬೇಕು. ಪೂರ್ತಿ ಮಾತನ್ನು ಅಕ್ಷರಕ್ಕಿಳಿಸಿದರೆ ಇನ್ನೂ ಒಳ್ಳೆಯದು, ಮುಂದೆ ಪೋಸ್ಟ್ ಬರೆಯುವಾಗ ಅರ್ಧ ಕೆಲಸ ಮುಗಿದಿರುತ್ತದೆ. ಆ ಪಟ್ಟಿಯ ಪಕ್ಕದಲ್ಲಿ ಯೂಟ್ಯೂಬ್ ಸ್ಟುಡಿಯೊದಲ್ಲಿ ಸಿಗುವ ಒಂದು ನಕ್ಷೆಯನ್ನು ಇಟ್ಟುಕೊಳ್ಳಬೇಕು. ಯಾವ ಕ್ಷಣದವರೆಗೆ ಎಷ್ಟು ಜನ ಉಳಿದಿದ್ದರು ಎಂದು ತೋರಿಸುವ ಗೆರೆ ಅದು, ಆಡಿಯನ್ಸ್ ರಿಟೆನ್ಷನ್ ಎಂದು ಅದರ ಹೆಸರು. ಬಹುತೇಕ ವಿಡಿಯೊಗಳಲ್ಲಿ ಆ ಗೆರೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ನೋಡಬೇಕಾದದ್ದು ಅದು ಮೇಲೆದ್ದ ಜಾಗಗಳನ್ನು. ಗೆರೆ ಮೇಲೆದ್ದಿದೆ ಎಂದರೆ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ, ಇಲ್ಲವೇ ಅದೇ ಕ್ಷಣಕ್ಕೆ ನೇರವಾಗಿ ಬಂದಿದ್ದಾರೆ ಎಂದರ್ಥ. ಗೆರೆ ಕುಸಿದ ಕಡೆ ಹಾರಿಸಿಕೊಂಡು ಮುಂದೆ ಹೋಗಿದ್ದಾರೆ.

ಹೊಸಬರು ಮೇಲೆದ್ದ ಜಾಗವನ್ನೆಲ್ಲ ರೀಲ್ ಮಾಡಿಬಿಡುತ್ತಾರೆ. ಹಾಗೆ ಮಾಡುವ ಮೊದಲು, ಜನ ಹಿಂದಕ್ಕೆ ಎಳೆದದ್ದು ಏಕೆ ಎಂದು ಯೋಚಿಸಬೇಕು. ನಮ್ಮ ಉದಾಹರಣೆಯಲ್ಲಿ ಎರಡು ಕಡೆ ಗೆರೆ ಏಳುತ್ತದೆ ಎನ್ನೋಣ. ಒಂದು 9ನೇ ನಿಮಿಷದಲ್ಲಿ, ಅಳತೆ ಹೇಳುವಾಗ. ಇನ್ನೊಂದು 14ನೇ ನಿಮಿಷದಲ್ಲಿ, ಕತ್ತಿ ಅದ್ದಿ ತೆಗೆಯುವಾಗ. ಎರಡಕ್ಕೂ ಕಾರಣ ಒಂದೇ ಅಲ್ಲ. ಅಳತೆಯ ಕಡೆ ಜನ ಹಿಂದೆ ಹೋದದ್ದು ಬರೆದುಕೊಳ್ಳಲು. ಅವರಿಗೆ ಅಲ್ಲಿ ಬೇಕಿದ್ದದ್ದು ಕಣ್ಣ ಮುಂದೆ ನಿಲ್ಲುವ ಅಕ್ಷರ, ಓಡುವ ಚಿತ್ರವಲ್ಲ. ಅದು ಕೆರೊಸೆಲ್‌ಗೆ, ಅಂದರೆ ಬೆರಳಲ್ಲಿ ಸರಿಸಿ ಒಂದಾದ ಮೇಲೊಂದು ನೋಡುವ ಸ್ಲೈಡ್‌ಗಳಿಗೆ ಹೋಗಬೇಕು. ಕತ್ತಿಯ ಕಡೆ ಹಿಂದೆ ಹೋದದ್ದು ಕಣ್ಣಾರೆ ಮತ್ತೊಮ್ಮೆ ನೋಡಲು. ಅದು ಕ್ಲಿಪ್. ದ್ರಾವಣದ ಇತಿಹಾಸ ಬರುವ 3ನೇ ನಿಮಿಷದಲ್ಲಿ ಗೆರೆ ಕುಸಿದಿದೆ, ಏಕೆಂದರೆ ಔಷಧಿ ಮಾಡಲು ಬಂದವನಿಗೆ ಆ ಹೊತ್ತಿಗೆ ಕಥೆ ಬೇಡ. ಹಾಗೆಂದು ಅದು ಬೇಸರದ ವಿಷಯವಲ್ಲ, ಬೇರೆ ಹೊತ್ತಿನ ವಿಷಯ ಅಷ್ಟೇ. ಅದು ಬರಹವಾಗಬೇಕು.

ಕತ್ತಿಯ ಕ್ಲಿಪ್ ಹೇಗೆ ತಯಾರಾಗುತ್ತದೆ ನೋಡೋಣ. ಮೂಲದಲ್ಲಿ ಈ ಭಾಗ 14 ನಿಮಿಷ 20 ಸೆಕೆಂಡಿನಿಂದ 15 ನಿಮಿಷ 50 ಸೆಕೆಂಡಿನವರೆಗೆ, ಒಂದೂವರೆ ನಿಮಿಷ ಇದೆ. ಶುರುವಿನಲ್ಲಿ ಕೃಷಿಕರು, ‘ಆಗ್ಲೇ ಹೇಳ್ದೆ ಅಲ್ವಾ, ಈಗ ಇದನ್ನ ಒಂದ್ಸಲ ಪರೀಕ್ಷೆ ಮಾಡ್ಬೇಕು’ ಎನ್ನುತ್ತಾರೆ. ಆಮೇಲೆ ಕತ್ತಿ ತರಿಸುತ್ತಾರೆ, ಒರೆಸುತ್ತಾರೆ, ಅದ್ದುತ್ತಾರೆ, ಸುಮಾರು ಒಂದು ನಿಮಿಷ ಕಾಯುತ್ತಾ ಬೇರೆ ಮಾತಾಡುತ್ತಾರೆ. ಎತ್ತಿದಾಗ ಅಲುಗಿನ ಮೇಲೆ ಕೆಂಪು ಬಣ್ಣದ ತಾಮ್ರದ ಲೇಪ ಕಾಣುತ್ತದೆ. ಸುಣ್ಣ ಸಾಲದೆ ತಾಮ್ರ ಬಿಡಿಯಾಗಿ ಉಳಿದಿದೆ, ಹೀಗೆಯೇ ಹೊಡೆದರೆ ಎಲೆ, ಕಾಯಿ ಸುಡುತ್ತದೆ ಎಂದು ವಿವರಿಸುತ್ತಾರೆ. ಮತ್ತಷ್ಟು ಸುಣ್ಣದ ತಿಳಿ ಸೇರಿಸಿ, ಕದಡಿ, ಒರೆಸಿದ ಕತ್ತಿಯನ್ನು ಪುನಃ ಅದ್ದಿದಾಗ ಕೆಂಪು ಬರುವುದಿಲ್ಲ.

ಇದನ್ನು ಇದ್ದ ಹಾಗೆಯೇ ಎತ್ತಿ ಹಾಕಿದರೆ ಮೊದಲ ಮೂರು ಸೆಕೆಂಡಿನಲ್ಲೇ ನೋಡುಗ ಮುಂದಿನ ರೀಲ್‌ಗೆ ಹೋಗಿರುತ್ತಾನೆ. ‘ಆಗ್ಲೇ ಹೇಳ್ದೆ’ ಎಂದದ್ದು ಅವನಿಗೆ ಗೊತ್ತಿಲ್ಲ. ‘ಇದನ್ನ’ ಎಂದರೆ ಯಾವುದನ್ನು ಎಂಬುದೂ ಗೊತ್ತಿಲ್ಲ. ಕ್ಲಿಪ್ ಕತ್ತರಿಸುವಾಗ ಬೆನ್ನಟ್ಟಿ ಹುಡುಕಬೇಕಾದದ್ದು ಈ ಇದು, ಅದು, ಆಗಲೇ, ಹಿಂದೆ ನೋಡಿದಂತೆ ಮುಂತಾದ ಪದಗಳನ್ನು. ಅವು ಎಲ್ಲಿವೆಯೋ ಅಲ್ಲಿ ತುಂಡಿನ ಬೇರು ಹಿಂದಿನ ಭಾಗದಲ್ಲಿ ಉಳಿದುಕೊಂಡಿರುತ್ತದೆ. ಕತ್ತರಿಸಲು ಸಾಧ್ಯವಾದರೆ ಕತ್ತರಿಸಬೇಕು, ಆಗದಿದ್ದರೆ ತೆರೆಯ ಮೇಲೆ ‘ಬೋರ್ಡೋ ದ್ರಾವಣದ ಕತ್ತಿ ಪರೀಕ್ಷೆ’ ಎಂದು ಬರೆದು ಆ ‘ಇದು’ ಯಾವುದೆಂದು ತಿಳಿಸಬೇಕು.

ಆಮೇಲೆ ಜೋಡಣೆ. ಕೆಂಪಾದ ಕತ್ತಿ ಮೇಲೆ ಬರುವ ದೃಶ್ಯವನ್ನೇ ಮೊದಲಿಗೆ ಇಡಬೇಕು. ‘ಈ ಕೆಂಪು ಕಂಡ್ರೆ ತೋಟಕ್ಕೆ ಹೊಡೀಬೇಡಿ’ ಎಂಬ ಮಾತು ಮೂಲದಲ್ಲಿ ಎಲ್ಲೋ ಕೊನೆಯಲ್ಲಿದ್ದರೂ ಅದನ್ನು ಮುಂದಕ್ಕೆ ತಂದು ಆ ದೃಶ್ಯದ ಕೆಳಗೆ ಕೂರಿಸಬಹುದು. ನಂತರ ಅದ್ದುವುದು, ಕಾಯುವುದು, ಎತ್ತುವುದು, ಕಾರಣ, ಪರಿಹಾರ. ಒಂದು ನಿಮಿಷ ಕಾಯುವ ಹೊತ್ತನ್ನು ಎರಡು ಸೆಕೆಂಡಿಗೆ ಇಳಿಸಬಹುದು, ಆದರೆ ‘1 ನಿಮಿಷ ಬಿಡಿ’ ಎಂದು ತೆರೆಯ ಮೇಲೆ ಬರೆಯಲೇಬೇಕು. ಇಲ್ಲವಾದರೆ ಅದ್ದಿದ ಕೂಡಲೇ ಎತ್ತಿ, ಕೆಂಪಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಇರುತ್ತಾರೆ. ಹೀಗೆ ಮಾಡಿದಾಗ ತೊಂಬತ್ತು ಸೆಕೆಂಡು ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತದೆ. ಇಷ್ಟಕ್ಕೇ ಇಳಿಯಬೇಕೆಂಬ ಕಟ್ಟಳೆಯೇನಿಲ್ಲ. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಇರಬಹುದು, ಇನ್‌ಸ್ಟಾಗ್ರಾಂ ಕೂಡ 2025ರ ಆರಂಭದಲ್ಲಿ ರೀಲ್ಸ್ ಮಿತಿಯನ್ನು ಮೂರು ನಿಮಿಷಕ್ಕೆ ಏರಿಸಿತು. ಮಿತಿ ಹೆಚ್ಚಾದದ್ದರಿಂದ ಆದ ದೊಡ್ಡ ಅನುಕೂಲ ಇದು: ಪರಿಹಾರ ಹೇಳುವ ಕೊನೆಯ ಹತ್ತು ಸೆಕೆಂಡನ್ನು ಜಾಗವಿಲ್ಲ ಎಂದು ಕತ್ತರಿಸುವ ಅನಿವಾರ್ಯ ಈಗಿಲ್ಲ. ಕೆಂಪು ಬಂದರೆ ಏನು ಮಾಡಬೇಕು ಎಂದು ಹೇಳದೆ, ‘ಪೂರ್ತಿ ವಿಡಿಯೊ ನೋಡಿ’ ಎಂದು ಕೊಕ್ಕೆ ಹಾಕಿ ನಿಲ್ಲಿಸುವುದು ನೋಡುಗನಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಮುಂದಿನ ತೊಡಕು ಚೌಕಟ್ಟಿನದು. ಯೂಟ್ಯೂಬ್ ವಿಡಿಯೊ ಅಡ್ಡ, ರೀಲ್ ಉದ್ದ. 1920 ಪಿಕ್ಸೆಲ್ ಅಗಲ, 1080 ಎತ್ತರದ ದೃಶ್ಯದಿಂದ ಉದ್ದ ಚೌಕಟ್ಟು ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು ಸುಮಾರು 607 ಪಿಕ್ಸೆಲ್, ಮೂರನೇ ಒಂದು ಭಾಗಕ್ಕೂ ಕಡಿಮೆ. ಅದನ್ನೇ ಹಿಗ್ಗಿಸಿ ಮೊಬೈಲ್ ತುಂಬ ತೋರಿಸುವಾಗ ಚಿತ್ರ ಮಸುಕಾಗುತ್ತದೆ, ಕತ್ತಿಯ ಮೇಲಿನ ತೆಳು ಕೆಂಪು ಮೊದಲು ಮಾಯವಾಗುತ್ತದೆ. ಚಿತ್ರೀಕರಣದ ಹೊತ್ತಿನಲ್ಲೇ ಕ್ಯಾಮೆರಾವನ್ನು 4ಕೆಗೆ ಇಟ್ಟಿದ್ದರೆ ಕತ್ತರಿಸಿದ ಮೇಲೂ 1215 ಪಿಕ್ಸೆಲ್ ಅಗಲ ಉಳಿಯುತ್ತದೆ, ರೀಲ್‌ಗೆ ಬೇಕಾದ 1080ಕ್ಕೆ ಅದು ಧಾರಾಳ. ಕೃಷಿಕರು ಎಡಗಡೆ, ಬಕೆಟ್ ಬಲಗಡೆ ಇದ್ದರೆ ಒಂದೇ ಉದ್ದ ಚೌಕಟ್ಟಿನಲ್ಲಿ ಇಬ್ಬರೂ ಹಿಡಿಸುವುದಿಲ್ಲ. ಆಗ ತೆರೆಯನ್ನು ಅಡ್ಡಕ್ಕೆ ಎರಡು ಮಾಡಿ, ಮೇಲೆ ಮುಖ, ಕೆಳಗೆ ಬಕೆಟ್ ಇಡುವುದುಂಟು. ಕತ್ತಿಯ ವಿಷಯದಲ್ಲಿ ನಾನಾದರೆ ಮುಖ ಬಿಟ್ಟು ಕೈ ಮತ್ತು ಬಕೆಟ್ಟನ್ನೇ ಪೂರ್ತಿ ಇಡುತ್ತೇನೆ. ಹೇಳುವವರು ಯಾರು ಎಂಬುದನ್ನು ದನಿ ತಿಳಿಸುತ್ತದೆ.

ಬಸ್ಸಿನಲ್ಲಿ, ಮನೆಯಲ್ಲಿ ಮಕ್ಕಳು ಮಲಗಿದಾಗ ಸದ್ದಿಲ್ಲದೆ ನೋಡುವವರು ಬಹಳ. ಅವರಿಗಾಗಿ ಮಾತನ್ನು ಅಕ್ಷರದಲ್ಲೂ ತೋರಿಸಬೇಕು. ಅಕ್ಷರವನ್ನು ತೀರಾ ಕೆಳಗೆ ಇಟ್ಟರೆ ಖಾತೆಯ ಹೆಸರು ಮತ್ತು ವಿವರಣೆ ಅದನ್ನು ಮುಚ್ಚುತ್ತವೆ, ಬಲ ಅಂಚಿನಲ್ಲಿ ಲೈಕ್, ಕಾಮೆಂಟ್ ಗುರುತುಗಳು ಬರುತ್ತವೆ. ನಡುವಿಗಿಂತ ಸ್ವಲ್ಪ ಕೆಳಗಿನ ಜಾಗ ಸುರಕ್ಷಿತ. ಕನ್ನಡಕ್ಕೆ ಇನ್ನೊಂದು ತಾಪತ್ರಯ ಇದೆ. ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆರಿಸದಿದ್ದರೆ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕೂರುತ್ತದೆ. ಅಡೋಬಿ ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಪಠ್ಯ ಎಂಬ ಆಯ್ಕೆ ಇರುವುದು ಇದಕ್ಕೇ. ‘ಸುಣ್ಣ’ ಮತ್ತು ‘ಮೈಲುತುತ್ತು’ ಎಂದು ಒಂದು ಸಲ ಬರೆದು ನೋಡಿದರೆ ತಂತ್ರಾಂಶ ಕನ್ನಡಕ್ಕೆ ಸಿದ್ಧವಿದೆಯೇ ಎಂದು ಗೊತ್ತಾಗಿಬಿಡುತ್ತದೆ.

ಇನ್ನು ಅಳತೆಯ ಕೆರೊಸೆಲ್. ಇನ್‌ಸ್ಟಾಗ್ರಾಂ ಈಗ ಒಂದು ಪೋಸ್ಟ್‌ನಲ್ಲಿ 20 ಚಿತ್ರಗಳವರೆಗೆ ಬಿಡುತ್ತದೆ, ಆದರೆ ಈ ವಿಷಯಕ್ಕೆ ಏಳು ಸಾಕು. ಮೊದಲ ಸ್ಲೈಡ್‌ನಲ್ಲಿ ನೀಲಿ ದ್ರಾವಣದ ಫೋಟೊ, ಅದರ ಮೇಲೆ ‘100 ಲೀಟರ್ ಬೋರ್ಡೋ: ಅಳತೆ, ಕ್ರಮ’ ಎಂಬ ಒಂದೇ ಸಾಲು. ಎರಡನೆಯದರಲ್ಲಿ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಮೂರನೆಯದು 50 ಲೀಟರ್ ನೀರಿನಲ್ಲಿ ಮೈಲುತುತ್ತು ಕರಗಿಸುವುದು, ಪ್ಲಾಸ್ಟಿಕ್ ಡ್ರಮ್ ಬಳಸಿ, ಕಬ್ಬಿಣದ ಪಾತ್ರೆ ಬೇಡ ಎಂಬ ಸೂಚನೆ. ನಾಲ್ಕನೆಯದು ಉಳಿದ 50 ಲೀಟರ್‌ನಲ್ಲಿ ಸುಣ್ಣ ಕಲಸಿ ಸೋಸುವುದು. ಐದನೆಯದು ಮೈಲುತುತ್ತಿನ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕದಡುವುದು, ಬಾಣ ಹಾಕಿ ಯಾವುದರಿಂದ ಯಾವುದಕ್ಕೆ ಎಂದು ಸ್ಪಷ್ಟವಾಗಿ ತೋರಿಸಿ. ಆರನೆಯದು ಕತ್ತಿ ಪರೀಕ್ಷೆ. ಏಳನೆಯದು, ತಯಾರಿಸಿದ ದಿನವೇ ಮುಗಿಸಿ, ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ, ಎರಡನೆಯದು 40ರಿಂದ 45 ದಿನದ ನಂತರ.

ಇವುಗಳ ಕೆಲಸ ಇನ್‌ಸ್ಟಾಗ್ರಾಂನಲ್ಲೇ ಮುಗಿಯುವುದಿಲ್ಲ. ಯಾರೋ ಎರಡನೇ ಸ್ಲೈಡ್‌ನ ಸ್ಕ್ರೀನ್‌ಶಾಟ್ ತೆಗೆದು ಊರಿನ ಗುಂಪಿಗೆ ಕಳಿಸುತ್ತಾರೆ, ಅಲ್ಲಿಂದ ಅದು ಇನ್ನೆಲ್ಲಿಗೋ ಹೋಗುತ್ತದೆ. ಹೋದ ಕಡೆ ಉಳಿದ ಆರು ಸ್ಲೈಡ್ ಅದರ ಜೊತೆ ಇರುವುದಿಲ್ಲ. ಆದ್ದರಿಂದ ಪ್ರತಿ ಸ್ಲೈಡೂ ಒಂಟಿಯಾಗಿ ಸಿಕ್ಕರೆ ತಪ್ಪು ದಾರಿ ಹಿಡಿಸದಂತೆ ಇರಬೇಕು. ‘1 ಕಿಲೋ ಸುಣ್ಣ’ ಎಂಬುದರ ಪಕ್ಕದಲ್ಲೇ ‘ಒಟ್ಟು 100 ಲೀಟರ್‌ಗೆ’ ಎಂದಿರಬೇಕು, ಕೆಳಗೆ ಚಿಕ್ಕದಾಗಿ ಚಾನೆಲ್‌ನ ಹೆಸರು ಮತ್ತು ಸ್ಲೈಡ್‌ನ ಸಂಖ್ಯೆ, ಏಳರಲ್ಲಿ ಎರಡು ಎಂದು. ಸಂಖ್ಯೆ ಇದ್ದರೆ ಇನ್ನೂ ಏನೋ ಇದೆ ಎಂದು ನೋಡಿದವನಿಗೆ ತಿಳಿಯುತ್ತದೆ. ಸ್ಲೈಡ್ ಅನ್ನು 1080 ಅಗಲ, 1350 ಎತ್ತರಕ್ಕೆ ಮಾಡಿದರೆ ಚೌಕಕ್ಕಿಂತ ಹೆಚ್ಚು ತೆರೆ ಸಿಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇದೇ ಸ್ಲೈಡ್‌ಗಳನ್ನು ಪಿಡಿಎಫ್ ಮಾಡಿಕೊಂಡರೆ ಲಿಂಕ್ಡ್‌ಇನ್‌ಗೂ ಆಗುತ್ತದೆ, ವಾಟ್ಸ್‌ಆ್ಯಪ್‌ಗೂ ಆಗುತ್ತದೆ. ಅಡಿಕೆ ಬೆಳೆಗಾರರಿಗೆ ಎರಡನೆಯದೇ ಹೆಚ್ಚು ಉಪಯೋಗ.

ಬರಹದ ಪೋಸ್ಟ್ ಮಾಡುವಾಗ ಮಾತನ್ನು ಹಾಗೆಯೇ ನಕಲು ಮಾಡುವುದು ಸುಲಭದ ದಾರಿ, ಓದುವವರಿಗೆ ಮಾತ್ರ ಕಷ್ಟದ ದಾರಿ. ಮಾತಿನಲ್ಲಿ ಒಂದೇ ವಿಷಯ ಮೂರು ಸಲ ಬರುತ್ತದೆ, ವಾಕ್ಯ ನಡುವೆಯೇ ತಿರುಗುತ್ತದೆ, ಕೈಸನ್ನೆ ಅರ್ಧ ಅರ್ಥ ಹೇಳಿರುತ್ತದೆ. ಕೇಳುವಾಗ ಹಿತ, ಓದುವಾಗ ಗೊಂದಲ. ಆದ್ದರಿಂದ ಐದು ನಿಮಿಷದ ಇತಿಹಾಸದ ಭಾಗವನ್ನು ಕೇಳಿ, ಬದಿಗಿಟ್ಟು, ಅದರಲ್ಲಿ ನೆನಪಿನಲ್ಲಿ ಉಳಿದದ್ದನ್ನು ಹೊಸದಾಗಿ ಬರೆಯಬೇಕು. ಹೆಸರು, ಇಸವಿಗಳನ್ನು ಮಾತ್ರ ಮತ್ತೊಮ್ಮೆ ಪರಿಶೀಲಿಸಬೇಕು. ಫೇಸ್‌ಬುಕ್‌ನಲ್ಲಿ ಕೆಲವು ಸಾಲಿನ ನಂತರ ಉಳಿದದ್ದು ಮಡಚಿಕೊಳ್ಳುವುದರಿಂದ ವಿಷಯದ ತಿರುಳು ಮೊದಲ ಎರಡು ವಾಕ್ಯದಲ್ಲೇ ಇರಬೇಕು. ಹೀಗೆ ಶುರು ಮಾಡಬಹುದು:

‘ನಾವು ಅಡಿಕೆ ಗೊನೆಗೆ ಹೊಡೆಯುವ ಔಷಧಿ ಮೊದಲು ಬಳಕೆಯಾದದ್ದು ಫ್ರಾನ್ಸಿನ ದ್ರಾಕ್ಷಿ ಬಳ್ಳಿಗೆ, ಅದೂ ಕಳ್ಳರನ್ನು ಹೆದರಿಸಲು. ದಾರಿ ಬದಿಯ ಹಣ್ಣನ್ನು ಯಾರೂ ಕೀಳದಿರಲಿ ಎಂದು ಬೋರ್ಡೋ ಸೀಮೆಯ ರೈತರು ಮೈಲುತುತ್ತು, ಸುಣ್ಣ ಕಲಸಿ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ಬೂಜು ರೋಗ ಬಾರದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ, ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದ ಲೆಸ್ಲಿ ಕೋಲ್ಮನ್ ಅಡಿಕೆಗೂ ಇದೇ ದ್ರಾವಣವನ್ನು ಸೂಚಿಸಿದರು.’

ಮುಂದಿನ ಒಂದೆರಡು ಪ್ಯಾರಾದಲ್ಲಿ, ಅಷ್ಟು ಹಳೆಯ ಔಷಧಿ ಇಂದಿಗೂ ಕೆಲವರ ತೋಟದಲ್ಲಿ ಏಕೆ ಕೈಕೊಡುತ್ತದೆ ಎಂಬ ಮಾತಿಗೆ ಬರಬಹುದು: ಹಳೆಯ ಸುಣ್ಣ, ತಡವಾದ ಸಿಂಪಡಣೆ, ಪರೀಕ್ಷೆ ಮಾಡದ ದ್ರಾವಣ. ಇದೇ ಬರಹವನ್ನು ಎಕ್ಸ್‌ಗೆ ಹಾಕಬೇಕಾದರೆ 280 ಅಕ್ಷರದ ಮಿತಿ ಎದುರಾಗುತ್ತದೆ. ಕನ್ನಡದ ಕಣ್ಣಿಗೆ ‘ಸುಣ್ಣ’ ಎರಡು ಅಕ್ಷರ, ಆದರೆ ಕೊಂಬು, ವಿರಾಮದ ಗುರುತು, ಒತ್ತಿನ ವ್ಯಂಜನ ಎಲ್ಲ ಬೇರೆ ಬೇರೆ ಎಣಿಕೆಯಾಗಿ ಅಲ್ಲಿ ಐದಾಗುತ್ತದೆ. ಅಂದರೆ ಮೂವತ್ತು ನಲವತ್ತು ಪದಕ್ಕೆ ಜಾಗ ಮುಗಿಯುತ್ತದೆ. ಅಲ್ಲಿಗೆ ಕಳ್ಳರ ಕಥೆಯ ಎರಡು ವಾಕ್ಯವಷ್ಟೇ ಸಾಕು. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದಿಟ್ಟವರು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಅಂಟಿಸಿದ ಕೂಡಲೇ ಅಕ್ಷರವೆಲ್ಲ ಗೋಜಲಾಗುತ್ತದೆ.

ಇವನ್ನೆಲ್ಲ ಹಾಕಿದ ಮೇಲೆ ಮೂಲ ವಿಡಿಯೊಗೆ ಜನ ಹರಿದು ಬರುತ್ತಾರೆ ಎಂದುಕೊಂಡವರಿಗೆ ನಿರಾಸೆಯಾಗುತ್ತದೆ. ರೀಲ್ ನೋಡುವವನು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗುವುದು ಅಪರೂಪ. ಇನ್‌ಸ್ಟಾಗ್ರಾಂ ವಿವರಣೆಯಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆದುಕೊಳ್ಳುವುದಿಲ್ಲ. ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟ್‌ನಲ್ಲಿರುವ ಲಿಂಕ್‌ಗಳನ್ನೂ ಯೂಟ್ಯೂಬ್ 2023ರ ಆಗಸ್ಟ್ ಕೊನೆಯಿಂದ ಒತ್ತಲಾಗದಂತೆ ಮಾಡಿದೆ. ಉಳಿದಿರುವ ಒಳ್ಳೆಯ ದಾರಿ ಎಂದರೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಶಾರ್ಟ್ಸ್‌ಗೆ ರಿಲೇಟೆಡ್ ವಿಡಿಯೊ ಎಂದು ಮೂಲವನ್ನು ಜೋಡಿಸುವುದು. ಆಗ ಶಾರ್ಟ್ಸ್‌ನ ಮೇಲೆಯೇ ಒತ್ತಬಹುದಾದ ಹೆಸರು ಕಾಣುತ್ತದೆ. ಹಾಗಾಗಿ ಪ್ರತಿ ತುಂಡನ್ನೂ ಮೂಲದ ಜಾಹೀರಾತು ಎಂದುಕೊಳ್ಳದೆ, ಅದರಷ್ಟಕ್ಕೆ ಅದು ಉಪಯೋಗಕ್ಕೆ ಬಂತೇ ಎಂದು ನೋಡುವುದು ಒಳ್ಳೆಯದು.

ಅದನ್ನು ನೋಟಗಳ ಲೆಕ್ಕ ಹೇಳುವುದಿಲ್ಲ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ತೆರೆಯ ಮೇಲೆ ಶುರುವಾದರೆ ಸಾಕು, ಒಂದು ನೋಟ ಎಂದೇ ಯೂಟ್ಯೂಬ್ ಎಣಿಸುತ್ತದೆ. ಎಷ್ಟು ಜನ ನಿಂತು ನೋಡಿದರು ಎಂಬುದು ಸ್ಟುಡಿಯೊದಲ್ಲಿ ಬೇರೆಯಾಗಿ ಸಿಗುತ್ತದೆ. ಕೆರೊಸೆಲ್‌ನಲ್ಲಿ ಲೈಕ್‌ಗಿಂತ ಸೇವ್ ಮಾಡಿಕೊಂಡವರ ಮತ್ತು ಕಳಿಸಿದವರ ಸಂಖ್ಯೆ ಮುಖ್ಯ. ಇವೆಲ್ಲಕ್ಕಿಂತ ಖಚಿತ ಸೂಚನೆ ಕಾಮೆಂಟ್‌ನಲ್ಲಿ ಸಿಗುತ್ತದೆ. ಕತ್ತಿಯ ಕ್ಲಿಪ್ ಕೆಳಗೆ ‘ಕೆಂಪು ಬಂದರೆ ಏನು ಮಾಡೋದು ಅಣ್ಣಾ?’ ಎಂದು ನಾಲ್ಕು ಜನ ಕೇಳಿದ್ದರೆ ಉತ್ತರ ಕ್ಲಿಪ್‌ನಲ್ಲಿ ಇದ್ದರೂ ಕಿವಿಗೆ ಬಿದ್ದಿಲ್ಲ ಎಂದರ್ಥ. ‘ತೆಂಗಿಗೂ ಆಗುತ್ತಾ?’ ಎಂದು ಕೇಳಿದ್ದರೆ ಹೇಳಿದ್ದು ತಲುಪಿದೆ, ಮುಂದಿನದಕ್ಕೆ ಅವರು ಸಿದ್ಧವಾಗಿದ್ದಾರೆ.

ಕೊನೆಗೆ ಒಂದು ಬೇಸರದ, ಆದರೆ ಬಿಡಲಾಗದ ಕೆಲಸ. ಯಾವ ತುಂಡನ್ನು ಮೂಲದ ಎಷ್ಟನೇ ನಿಮಿಷದಿಂದ ತೆಗೆದು, ಯಾವ ದಿನ, ಎಲ್ಲೆಲ್ಲಿ ಹಾಕಲಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂಲದಲ್ಲಿ ಒಂದು ಅಳತೆ ತಪ್ಪಾಗಿದೆ ಎಂದು ಯಾರಾದರೂ ತೋರಿಸಿಕೊಟ್ಟರೆ ಆ ತಪ್ಪು ಈಗ ಒಂದು ಕಡೆ ಇಲ್ಲ, ಐದಾರು ಕಡೆ ಇದೆ. ಹಾಕಿದ ರೀಲ್‌ನ ವಿವರಣೆ ತಿದ್ದಬಹುದು, ಒಳಗಿನ ವಿಡಿಯೊ ಬದಲಿಸಲಾಗದು. ಅಳಿಸಿ ಹೊಸದು ಹಾಕಬೇಕು. ಯೂಟ್ಯೂಬ್‌ನಲ್ಲಿಯೂ ಅದೇ ವಿಳಾಸದಲ್ಲಿ ಹೊಸ ವಿಡಿಯೊ ಕೂರಿಸಲು ಬರುವುದಿಲ್ಲ, ತಪ್ಪಿದ ಭಾಗವನ್ನು ಎಡಿಟರ್‌ನಲ್ಲಿ ಕತ್ತರಿಸಿ ತೆಗೆಯಬಹುದು ಅಷ್ಟೇ. ಪಟ್ಟಿ ಇಲ್ಲದಿದ್ದರೆ ಒಂದೆರಡು ಕಡೆ ತಪ್ಪು ಹಾಗೆಯೇ ಉಳಿದು ಮುಂದಿನ ವರ್ಷವೂ ಓಡಾಡುತ್ತಿರುತ್ತದೆ.

ಅದೇ ಪಟ್ಟಿ ಇನ್ನೊಂದಕ್ಕೂ ಬೇಕು. ಮೇ ಕೊನೆಯಲ್ಲಿ ಹಾಕಿದ ಅಳತೆಯ ಕೆರೊಸೆಲ್‌ಗೆ ಜುಲೈ ಎರಡನೇ ವಾರದ ಹೊತ್ತಿಗೆ ಮತ್ತೆ ಕೆಲಸ ಬರುತ್ತದೆ, ಎರಡನೇ ಸಿಂಪಡಣೆಯ ದಿನಗಳು ಅವು. ಆಗ ಮೊದಲ ಸ್ಲೈಡ್‌ನ ಸಾಲನ್ನು ‘ಎರಡನೇ ಬಾರಿಗೆ ಹೊಡೆಯುವ ಮುನ್ನ’ ಎಂದು ಬದಲಿಸಿ, ಕೊನೆಯ ಸ್ಲೈಡ್‌ನಲ್ಲಿ ಮಳೆ ಎಳೆದರೆ ಮೂರನೆಯದೂ ಬೇಕಾಗಬಹುದು ಎಂಬ ಒಂದು ವಾಕ್ಯ ಸೇರಿಸಿ ಮತ್ತೆ ಹಾಕಬಹುದು. ಕತ್ತಿಯ ಕ್ಲಿಪ್ಪನ್ನು ಏನೂ ಬದಲಿಸದೆ ಅದೇ ವಾರ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಇಡಬಹುದು, ಅಷ್ಟು ಹೊತ್ತಿನ ಕ್ಲಿಪ್‌ಗೆ ಅಲ್ಲಿ ಜಾಗವಿದೆ.